ಹಳೆಯ ವಸತಿ ಕಟ್ಟಡಗಳ ಪರೀಕ್ಷಾ ವರದಿ ಹೇಗಿರಬೇಕು?

ಮುಂಬಯಿ, ಬೆಂಗಳೂರು, ಮಂಗಳೂರು ಮೊದಲಾದ ಪಟ್ಟಣಗಳಲ್ಲಿ 1970ರ ಹಾಗೂ 1980ರ ದಶಕಗಳಲ್ಲಿ ಎದ್ದು ನಿಂತ ಉಕ್ಕಿನ ಕಾಂಕ್ರೀಟಿನ ವಸತಿ ಕಟ್ಟಡಗಳು ಈಗ ನಾಲ್ವತ್ತು ವರ್ಷಗಳ ಗಡಿಯನ್ನು ಒಂದೊಂದಾಗಿ ದಾಟುತ್ತಲಿವೆ. ಅವುಗಳ ಪರೀಕ್ಷೆಗಾಗಿ ಇಂಜಿನಿಯರರನ್ನು ನೇಮಿಸುವ ಪದ್ಧತಿಯೂ ಬೆಳೆಯುತ್ತಿದೆ. ಮುಂಬಯಿಯಲ್ಲಂತೂ 30 ವರ್ಷ ತುಂಬಿದ ಕಟ್ಟಡವನ್ನು ಪರೀಕ್ಷೆ ಮಾಡಿಸಬೇಕೆಂಬುದು ನಗರಪಾಲಿಕೆಯ ಕಾಯಿದೆಯಲ್ಲಿಯೇ ಸೇರಿಹೋಗಿದೆ. ಇದು ಒಳ್ಳೆಯದೇ. ಆದರೆ ಇಂಜಿನಿಯರರು ಬಂದು ಹೋದ ಕೆಲವು ವಾರಗಳಿಗೆ ದಪ್ಪನೆಯದೊಂದು ವರದಿ ಬರುತ್ತದೆ. ಸಂಘದ ಕಾರ್ಯದರ್ಶಿಗಳು ಅದರ ಕೊನೆಯ ಪುಟವನ್ನು ಮಾತ್ರ ತಿರುವಿ ನೋಡಿ, ಖರ್ಚಿನ ಮೊತ್ತವನ್ನು ಕಂಡು ಬೆದರಿ, ಅದನ್ನು ಕಪಾಟಿನೊಳಗೆ ಇಡುತ್ತಾರೆ. ಕಟ್ಟಡದೊಳಗೆ ಮಲಗುವ ಹೆಂಗಸರು, ಮಕ್ಕಳು, ಮುದುಕರು ತಮ್ಮ ತಲೆಯ ಮೇಲಿನ ಸ್ಲ್ಯಾಬಿನ ಸ್ಥಿತಿ ಏನೆಂಬುದನ್ನು ಅರಿಯದೆಯೇ ಉಳಿಯುತ್ತಾರೆ. ಈ ದುಃಸ್ಥಿತಿಗೆ ಸಂಘದವರ ಉದಾಸೀನವೊಂದೇ ಕಾರಣವಲ್ಲ. ವರದಿಯ ರಚನೆಯಲ್ಲಿಯೇ ದೋಷವಿದೆಯೆಂದು ನಾವು ಹೇಳಬೇಕಾಗಿದೆ.

ಪರೀಕ್ಷಾ ವರದಿಯೆಂಬುದು ನಾಲ್ಕು ಮೆಟ್ಟಿಲುಗಳ ಏಣಿ. ಕಣ್ಣಿಗೆ ಕಂಡದ್ದು ಮೊದಲನೆಯದು. ಉಪಕರಣದಿಂದ ಅಳೆದದ್ದು ಎರಡನೆಯದು. ಅಳತೆಯಿಂದ ಗುಣಿಸಿ ತೆಗೆದ ಬಲದ ಲೆಕ್ಕ ಮೂರನೆಯದು. ಇವು ಮೂರನ್ನೂ ಆಧರಿಸಿ ಕೊಟ್ಟ ತೀರ್ಪು ನಾಲ್ಕನೆಯದು. ಒಂದು ಮೆಟ್ಟಿಲು ತಪ್ಪಿದರೂ ತೀರ್ಪು ಗಾಳಿಯಲ್ಲಿ ನಿಲ್ಲುತ್ತದೆ. ನಮ್ಮಲ್ಲಿ ಬರುವ ಎಷ್ಟೋ ವರದಿಗಳಲ್ಲಿ ಮೊದಲನೆಯ ಮೆಟ್ಟಿಲಿನಿಂದ ನೇರವಾಗಿ ನಾಲ್ಕನೆಯದಕ್ಕೆ ಹಾರಿರುವುದನ್ನು ಕಾಣಬಹುದು. ಬಿರುಕಿನ ಛಾಯಾಚಿತ್ರಗಳು ನೂರಿರುತ್ತವೆ. ಅವುಗಳ ಹಿಂದೆಯೇ “ಕಟ್ಟಡವು ಅಪಾಯಕಾರಿ” ಎಂದೋ “ದುರಸ್ತಿ ಮಾಡಿದರೆ ಸಾಕು” ಎಂದೋ ಒಂದು ವಾಕ್ಯವಿರುತ್ತದೆ. ಈ ಎರಡರ ನಡುವೆ ಇರಬೇಕಾದ ವಿಚಾರಸರಣಿಯೇ ಮಾಯವಾಗಿರುತ್ತದೆ.

ಮೊದಲಿಗೆ ಕಟ್ಟಡಕ್ಕೆ ತಗಲುವ ರೋಗವೇನೆಂಬುದನ್ನು ವಾಚಕರು ತಿಳಿಯತಕ್ಕದ್ದು. ಹೊಸ ಕಾಂಕ್ರೀಟು ಬಲವಾದ ಕ್ಷಾರಗುಣವುಳ್ಳದ್ದು. ಆ ಕ್ಷಾರದೊಳಗೆ ಹುದುಗಿದ ಕಂಬಿಯ ಮೇಲೆ ಅತಿ ತೆಳುವಾದ ರಕ್ಷಣೆಯ ಪೊರೆಯೊಂದು ಏರ್ಪಟ್ಟು, ತುಕ್ಕು ಹತ್ತದಂತೆ ಅದನ್ನು ಕಾಯುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲಾಮ್ಲವು ವರ್ಷ ವರ್ಷವೂ ಕಾಂಕ್ರೀಟಿನೊಳಕ್ಕೆ ಇಳಿದು, ಕ್ಷಾರವನ್ನು ಕುಂದಿಸುತ್ತ ಮುಂದುವರಿಯುತ್ತದೆ. ಅದು ಕಂಬಿಯವರೆಗೆ ತಲುಪಿದ ದಿನ ಪೊರೆ ಕಳಚುತ್ತದೆ. ಅಲ್ಲಿ ತೇವವೂ ಇದ್ದರೆ ತುಕ್ಕು ಪ್ರಾರಂಭವಾಗುತ್ತದೆ. ತುಕ್ಕಿನ ಗಾತ್ರವು ತಿಂದ ಕಬ್ಬಿಣದ ಗಾತ್ರಕ್ಕಿಂತ ಎರಡು ಪಟ್ಟಿನಿಂದ ಆರು ಪಟ್ಟಿನವರೆಗೂ ಇರುವುದರಿಂದ, ಅದು ಒಳಗಿನಿಂದಲೇ ಕಾಂಕ್ರೀಟನ್ನು ಒತ್ತಿ ಸೀಳುತ್ತದೆ. ನಾವು ಹೊರಗೆ ಕಾಣುವ ಬಿರುಕು ಈ ವ್ಯವಹಾರದ ಕೊನೆಯ ಅಂಕವೇ ಹೊರತು ಮೊದಲನೆಯದಲ್ಲ.

ಈ ಕಾರಣದಿಂದಲೇ ವರದಿಯ ಮೊದಲ ಭಾಗವು ಕಟ್ಟಡದ ಪೂರ್ವೇತಿಹಾಸವಾಗಿರಬೇಕು. ಕಟ್ಟಿದ ವರ್ಷ, ಮೂಲ ನಕ್ಷೆಗಳು ದೊರೆತವೋ ಇಲ್ಲವೋ, ಯಾವ ಮಿಶ್ರಣದ ಕಾಂಕ್ರೀಟು, ಬಳಿಕ ಏರಿಸಿದ ಅಂತಸ್ತು, ತಾರಸಿಯ ಮೇಲೆ ಇರಿಸಿದ ಹೊಸ ನೀರಿನ ಟ್ಯಾಂಕು, ಒಡೆದು ಹಾಕಿದ ಗೋಡೆ, ಕೆಳಗಿನ ಅಂಗಡಿಯವರು ಮಾಡಿಕೊಂಡ ಮಾರ್ಪಾಡು, ಹಿಂದೆ ಯಾವಾಗ ಯಾವ ದುರಸ್ತಿ ಆಯಿತು, ಇವೆಲ್ಲವೂ ಅಲ್ಲಿ ಬರಬೇಕು. ಹತ್ತು ಸಾವಿರ ಲೀಟರಿನ ಟ್ಯಾಂಕೊಂದನ್ನು ಇರಿಸಿದರೆ ನೀರಿನ ಭಾರವೇ ಹತ್ತು ಟನ್ನು. ಅದು ಯಾವ ಕಂಬಗಳ ಮೇಲೆ ಇಳಿಯುತ್ತದೆಂಬುದನ್ನು ಹೇಳದ ವರದಿ ಅಪೂರ್ಣ. ಇದರ ಜೊತೆಗೇ ಪರೀಕ್ಷೆಯ ಮಿತಿಗಳನ್ನೂ ಮುಚ್ಚುಮರೆಯಿಲ್ಲದೆ ಬರೆಯಬೇಕು. ಬೀಗ ಹಾಕಿದ್ದ ಮನೆಗಳೆಷ್ಟು, ಅಲಂಕಾರದ ಒಳಮಾಳಿಗೆಯ ಹಿಂದೆ ಅಡಗಿದ್ದ ತೊಲೆಗಳೆಷ್ಟು, ತಳಪಾಯವನ್ನು ಅಗೆದು ನೋಡಿದರೋ ಇಲ್ಲವೋ, ಇವನ್ನು ಹೇಳದಿದ್ದರೆ ನೋಡದೆ ಬಿಟ್ಟದ್ದೂ ನೋಡಿ ಸರಿಯಾಗಿದ್ದುದರ ಲೆಕ್ಕದಲ್ಲಿ ಸೇರಿಹೋಗುತ್ತದೆ.

ಎರಡನೆಯದು ಕಣ್ಣಿನ ತಪಾಸಣೆ. ಇದರಲ್ಲಿ ಛಾಯಾಚಿತ್ರಗಳಿಗಿಂತ ಮುಖ್ಯವಾದುದು ನಕ್ಷೆ. ಪ್ರತಿ ಅಂತಸ್ತಿನ ನಕ್ಷೆಯಲ್ಲಿಯೂ ಪ್ರತಿ ಕಂಬಕ್ಕೂ ತೊಲೆಗೂ ಒಂದೊಂದು ಸಂಖ್ಯೆಯಿರಬೇಕು. ಬಿರುಕು ಎಲ್ಲಿದೆ, ಎಷ್ಟು ಅಗಲ, ಯಾವ ದಿಕ್ಕಿಗೆ ಹರಿದಿದೆ ಎಂಬುದನ್ನು ಅದರ ಮೇಲೆಯೇ ಗುರುತಿಸಬೇಕು. ಬಿರುಕಿನ ದಿಕ್ಕು ರೋಗವನ್ನು ಹೇಳುತ್ತದೆ. ಕಂಬದ ಮೂಲೆಯ ಗುಂಟ ಕಂಬಿ ಇರುವಲ್ಲಿಯೇ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಹರಿದು, ಕಂದು ಬಣ್ಣದ ಕಲೆ ಹೊತ್ತಿರುವ ಬಿರುಕು ತುಕ್ಕಿನದು. ತೊಲೆಯು ಕಂಬವನ್ನು ಸೇರುವ ಹತ್ತಿರ ಓರೆಯಾಗಿ ಏರಿದ ಬಿರುಕು ಭಾರ ತಡೆಯಲಾರದ್ದರ ಸೂಚನೆಯಾಗಿರಬಹುದು; ಅದು ಬಹು ಗಂಭೀರ. ಪ್ಲಾಸ್ಟರಿನ ಮೇಲೆ ಜೇಡರ ಬಲೆಯಂತೆ ಹರಡಿದ ಸಣ್ಣ ಗೆರೆಗಳು ಹಲವು ವೇಳೆ ಪ್ಲಾಸ್ಟರಿನವೇ ಹೊರತು ಕಟ್ಟಡದವಲ್ಲ. ಈ ಮೂರನ್ನೂ “ಬಿರುಕುಗಳು ಕಂಡುಬಂದವು” ಎಂಬ ಒಂದೇ ಮಾತಿನಲ್ಲಿ ಮುಗಿಸಿದ ವರದಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಮೂರನೆಯ ಭಾಗವಾದ ಉಪಕರಣಗಳ ಪರೀಕ್ಷೆಯಲ್ಲಿ ಮೋಸ ಹೋಗುವುದು ಸುಲಭ. ಆದುದರಿಂದ ಒಂದು ಕಟ್ಟಡವನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡು ಲೆಕ್ಕವನ್ನು ವಾಚಕರ ಮುಂದೆ ಇಡುತ್ತೇವೆ. 1985ರಲ್ಲಿ ಕಟ್ಟಿದ್ದು, ಕೆಳಗೆ ವಾಹನಗಳ ಎಡೆ, ಮೇಲೆ ನಾಲ್ಕು ಅಂತಸ್ತು, ಪರೀಕ್ಷೆ ನಡೆದದ್ದು 2025ರಲ್ಲಿ, ಅಂದರೆ ನಾಲ್ವತ್ತನೆಯ ವರ್ಷದಲ್ಲಿ. ಕಾಂಕ್ರೀಟು ಆ ಕಾಲದಲ್ಲಿ ಎಲ್ಲೆಡೆಯೂ ಬಳಕೆಯಲ್ಲಿದ್ದ ಒಂದಕ್ಕೆ ಎರಡು, ನಾಲ್ಕರ ಮಿಶ್ರಣದ್ದು. ಅದರ ಬಲ ಚದರ ಮಿಲಿಮೀಟರಿಗೆ 15 ನ್ಯೂಟನ್ ಇರಬೇಕು.

ಇಂಜಿನಿಯರರು ಮೊದಲು ಸ್ಪ್ರಿಂಗಿನ ಸುತ್ತಿಗೆಯಿಂದ ಕಂಬಗಳನ್ನು ಬಡಿದು ನೋಡುತ್ತಾರೆ. ಸುತ್ತಿಗೆಯ ತುದಿ ಎಷ್ಟು ಪುಟಿಯುತ್ತದೆಂಬುದರಿಂದ ಕಾಂಕ್ರೀಟಿನ ಗಡಸುತನವನ್ನು ಊಹಿಸುವುದು ಇದರ ರೀತಿ. ನಮ್ಮ ಕಟ್ಟಡದಲ್ಲಿ ಅದು 22 ಎಂದು ತೋರಿಸಿತೆನ್ನೋಣ. ಸಂಘದವರಿಗೆ ಸಂತೋಷವಾಗುತ್ತದೆ, 15 ಇರಬೇಕಾದಲ್ಲಿ 22 ಇದೆಯಲ್ಲಾ! ಆದರೆ ಇದು ಪೊಳ್ಳು ಸಂತೋಷ. ಇಂಗಾಲಾಮ್ಲ ಇಳಿದ ಕಾಂಕ್ರೀಟಿನ ಹೊರಮೈ ಗಡುಸಾಗುತ್ತದೆ. ಸುತ್ತಿಗೆಯು ಆ ಹೊರಮೈಯನ್ನೇ ಅಳೆಯುತ್ತದೆ. ಅತಿ ಹಳೆಯ ಕಾಂಕ್ರೀಟಿನಲ್ಲಿ ಈ ಕಾರಣದಿಂದ ಬಲವು ನಿಜಕ್ಕಿಂತ ಅರ್ಧದಷ್ಟು ಹೆಚ್ಚಾಗಿ ಕಾಣಬಹುದೆಂದು ನಮ್ಮ ಭಾರತೀಯ ಮಾನಕವೇ ಎಚ್ಚರಿಸಿದೆ. ರೋಗವೇ ಆರೋಗ್ಯದ ವೇಷ ಹಾಕಿಕೊಂಡು ಬರುವುದೆಂದರೆ ಇದೇ. ಆದುದರಿಂದ ಕೊಳವೆಯಾಕಾರದ ಗರಗಸದಿಂದ ಕಾಂಕ್ರೀಟಿನ ತುಂಡುಗಳನ್ನು ಕೊರೆದು ತೆಗೆದು, ಪ್ರಯೋಗಶಾಲೆಯಲ್ಲಿ ಒತ್ತಿ ಒಡೆದು ನೋಡಬೇಕು. ಇಂಥ ಮೂರು ತುಂಡುಗಳಾದರೂ ಬೇಕು. ನಮ್ಮ ಉದಾಹರಣೆಯಲ್ಲಿ ಅವು 14.2, 12.6, 11.9 ಎಂದು ಬಂದವು; ಸರಾಸರಿ 12.9. ಮಾನಕದ ಮೇರೆಗೆ ಸರಾಸರಿಯು 15ರಲ್ಲಿ ನೂರಕ್ಕೆ 85ರಷ್ಟು, ಅಂದರೆ 12.75 ಇರಬೇಕು, ಯಾವ ಒಂದು ತುಂಡೂ ನೂರಕ್ಕೆ 75ಕ್ಕಿಂತ, ಅಂದರೆ 11.25ಕ್ಕಿಂತ ಕಡಿಮೆ ಇರಕೂಡದು. ನಮ್ಮ ಕಟ್ಟಡ ಕೂದಲೆಳೆಯಷ್ಟು ಅಂತರದಿಂದ ಪಾಸಾಯಿತು.

ಇಲ್ಲಿಗೇ ವರದಿಯನ್ನು ಮುಗಿಸಿ “ಕಾಂಕ್ರೀಟು ತೃಪ್ತಿಕರ” ಎಂದು ಬರೆಯುವವರುಂಟು. ಇದು ದೊಡ್ಡ ತಪ್ಪು. ಹಳೆಯ ಕಟ್ಟಡವನ್ನು ಕೆಡವುವುದು ಬಹುತರವಾಗಿ ಕಾಂಕ್ರೀಟಿನ ದೌರ್ಬಲ್ಯವಲ್ಲ, ಅದರೊಳಗಿನ ಉಕ್ಕಿನ ನಾಶ. ಅದನ್ನು ತಿಳಿಯಲು ಎರಡು ಅಳತೆಗಳು ಬೇಕು. ಕಂಬಿಯ ಮೇಲೆ ಕಾಂಕ್ರೀಟಿನ ಕವಚ ಎಷ್ಟು ದಪ್ಪವಿದೆ ಎಂಬುದು ಒಂದು. ಇಂಗಾಲಾಮ್ಲ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಇನ್ನೊಂದು. ಎರಡನೆಯದಕ್ಕೆ ಬೇಕಾದ ಸಾಮಗ್ರಿ ಅತ್ಯಲ್ಪ. ಹೊಸದಾಗಿ ಒಡೆದ ಕಾಂಕ್ರೀಟಿನ ಮೈಮೇಲೆ ಫಿನಾಲ್ಫ್ತಲೀನ್ ದ್ರಾವಣವನ್ನು ಸಿಂಪಡಿಸಿದರೆ, ಕ್ಷಾರ ಉಳಿದಿರುವ ಭಾಗ ಕೆಂಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕ್ಷಾರ ಅಳಿದ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಹೊರಮೈಯಿಂದ ಬಣ್ಣ ತೊಡಗುವವರೆಗಿನ ಅಂತರವನ್ನು ಅಳೆದರೆ ಆಯಿತು.

ನಮ್ಮ ಕಟ್ಟಡದಲ್ಲಿ ಈ ಆಳ 24 ಮಿಲಿಮೀಟರು ಎನ್ನೋಣ. ಈ ಇಳಿತವು ಕಾಲದ ವರ್ಗಮೂಲವನ್ನು ಅನುಸರಿಸುತ್ತದೆ. ಮೊದಲ ವರ್ಷಗಳಲ್ಲಿ ವೇಗ ಹೆಚ್ಚು, ಬಳಿಕ ಮೆಲ್ಲಗೆ. 40ರ ವರ್ಗಮೂಲ ಸುಮಾರು 6.3; 24ನ್ನು ಅದರಿಂದ ಭಾಗಿಸಿದರೆ 3.8 ಬರುತ್ತದೆ. ಇದೇ ಈ ಕಟ್ಟಡದ ರೋಗದ ವೇಗ. ಇನ್ನು ಸ್ಲ್ಯಾಬಿನ ಕಂಬಿಯ ಮೇಲೆ ಕವಚವಿರುವುದು 15 ಮಿಲಿಮೀಟರು. 15ನ್ನು 3.8ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 16 ವರ್ಷ. ಅಂದರೆ 2001ರ ಹೊತ್ತಿಗೇ ಸ್ಲ್ಯಾಬುಗಳ ಕಂಬಿ ರಕ್ಷಣೆಯನ್ನು ಕಳೆದುಕೊಂಡಿತ್ತು. ತೊಲೆಗಳ ಕವಚ 25 ಮಿಲಿಮೀಟರು. ಅದಕ್ಕೆ ಸುಮಾರು 43 ವರ್ಷ, ಅಂದರೆ 2028. ಅವು ಇನ್ನೇನು ಹೊಸ್ತಿಲಲ್ಲಿವೆ. ಕಂಬಗಳಿಗೆ ನಕ್ಷೆಯಲ್ಲಿ 40 ಮಿಲಿಮೀಟರು ಬರೆದಿತ್ತು. ಅಷ್ಟಿದ್ದರೆ ನೂರು ವರ್ಷವಾದರೂ ಭಯವಿರಲಿಲ್ಲ. ಆದರೆ ಉಪಕರಣವಿಟ್ಟು ನೋಡಲಾಗಿ ಹಲವು ಕಂಬಗಳಲ್ಲಿ ಕಂಬಿಯ ಪಂಜರವು ಒಂದು ಮಗ್ಗುಲಿಗೆ ವಾಲಿ ಕವಚ 22 ಮಿಲಿಮೀಟರು ಮಾತ್ರ ಉಳಿದಿತ್ತು. ಅವುಗಳ ರಕ್ಷಣೆ 2018 – 19ರಲ್ಲಿಯೇ ಮುಗಿದುಹೋಗಿದೆ. ಕಾಂಕ್ರೀಟು ಸುರಿಯುವಾಗ ಕಂಬಿಯ ಕೆಳಗೆ ಇಡಬೇಕಾದ ಸಿಮೆಂಟಿನ ಬಿಲ್ಲೆಗಳನ್ನು ಉಳಿಸಿದ ಗುತ್ತಿಗೆದಾರನ ಮಿತವ್ಯಯಕ್ಕೆ ಮೂವತ್ತು ವರ್ಷಗಳ ಬಳಿಕ ವಾಸಗಾರರು ಬೆಲೆ ತೆರುತ್ತಾರೆ.

ಈ ಲೆಕ್ಕಕ್ಕೂ ಮಿತಿಯುಂಟು. ಅದನ್ನು ವರದಿಯು ಹೇಳತಕ್ಕದ್ದು. ಒಣಗಿದ ಕೋಣೆಯಲ್ಲಿ ಇಂಗಾಲಾಮ್ಲ ಬೇಗ ಇಳಿದರೂ ತೇವವಿಲ್ಲದ್ದರಿಂದ ತುಕ್ಕು ಹತ್ತುವುದು ನಿಧಾನ. ಬಚ್ಚಲುಮನೆಯ ಕೆಳಗಿನ ಸ್ಲ್ಯಾಬಿನಲ್ಲಿ ಸೋರುವ ನೀರಿನಿಂದ ತುಕ್ಕು ಧಾವಿಸುತ್ತದೆ. ಆದ್ದರಿಂದ ಎರಡು ಕಡೆಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಸರಾಸರಿ ತೆಗೆಯಕೂಡದು. ಸಮುದ್ರತೀರದ ಮಾತು ಇನ್ನೂ ಬೇರೆ. ಮಂಗಳೂರು, ಕಾರವಾರ, ಮುಂಬಯಿಗಳಲ್ಲಿ ಗಾಳಿಯೊಡನೆ ಬರುವ ಉಪ್ಪು ಕಾಂಕ್ರೀಟಿನೊಳಗೆ ಸೇರಿ, ಕ್ಷಾರ ಇನ್ನೂ ಇರುವಾಗಲೇ ಕಂಬಿಯ ಪೊರೆಯನ್ನು ಚುಚ್ಚುತ್ತದೆ. ಅಲ್ಲಿ ದ್ರಾವಣವು ಗುಲಾಬಿ ಬಣ್ಣ ತೋರಿಸುತ್ತಿರುವಾಗಲೇ ಒಳಗೆ ಕಂಬಿ ಕರಗುತ್ತಿರಬಹುದು. ತೀರದ ಊರಿನ ಕಟ್ಟಡದ ವರದಿಯಲ್ಲಿ ಉಪ್ಪಿನ ಅಂಶದ ಪರೀಕ್ಷೆ ಇಲ್ಲದಿದ್ದರೆ ಅದನ್ನು ವಾಪಸು ಕಳಿಸುವುದೇ ಸರಿ.

ಈಗ ಮೂರನೆಯ ಮೆಟ್ಟಿಲು, ಬಲದ ಲೆಕ್ಕ. ನಮ್ಮ ಕಟ್ಟಡದ ಕೆಳಮಟ್ಟದ ಕಂಬವೊಂದು 230ಕ್ಕೆ 380 ಮಿಲಿಮೀಟರಿನದು. ಒಳಗೆ 16 ಮಿಲಿಮೀಟರು ದಪ್ಪದ ಆರು ಕಂಬಿಗಳು. ಕಟ್ಟಿದಾಗ ಮಾನಕದ ಸೂತ್ರದಂತೆ ಅದರ ಬಲ ಸುಮಾರು 87 ಟನ್ನು. ಅದರ ಮೇಲೆ ನಿಜವಾಗಿ ಇಳಿಯುವ ಭಾರ 53 ಟನ್ನು. ಭಾರದ ಮೇಲೆ ಮಾನಕವು ಕೇಳುವ ಒಂದೂವರೆ ಪಟ್ಟು ಸೇರಿಸಿದರೆ 80. ಅಂದರೆ ಆಗ ಎಲ್ಲವೂ ಕ್ರಮದಲ್ಲಿತ್ತು. ಈಗ ಒಡೆದು ನೋಡಲಾಗಿ ಕಂಬಿಗಳು 14 ಮಿಲಿಮೀಟರಿಗೆ ಸವೆದಿವೆ. ಸುತ್ತಲಿನ ಕವಚ ಸಡಿಲಾಗಿರುವುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕಾಂಕ್ರೀಟಿನ ಬಲ 12.9. ಮರಳಿ ಗುಣಿಸಿದರೆ ಬರುವುದು 59 ಟನ್ನು. ಮೂರರಲ್ಲಿ ಒಂದು ಪಾಲು ಬಲ ಹೋಗಿದೆ. ಕಂಬ ನಿಂತಿದೆ, ನಿಜ. ಆದರೆ ಮಾನಕ ಕೇಳುವ 80 ಎಲ್ಲಿ, 59 ಎಲ್ಲಿ?

ಇಷ್ಟಕ್ಕೇ ಮುಗಿಯಲಿಲ್ಲ. ಕಂಬಿಗಳನ್ನು ಸುತ್ತಿ ಬಿಗಿದಿರುವ ಆರು ಮಿಲಿಮೀಟರಿನ ರಿಂಗುಗಳು ಹೊರಮೈಗೆ ಇನ್ನೂ ಹತ್ತಿರವಿರುವುದರಿಂದ ಮೊದಲು ಸಾಯುವವು ಅವೇ. ಅವು ನಾಲ್ಕೂವರೆ ಮಿಲಿಮೀಟರಿಗೆ ಸವೆದರೆ ಅಡ್ಡಕೊಯ್ತದಲ್ಲಿ ನೂರಕ್ಕೆ 44ರಷ್ಟು ಉಕ್ಕು ಹೋದಂತೆ. ರಿಂಗು ಕಡಿದುಹೋದ ಕಡೆ ಭಾರ ಹೊತ್ತ ಕಂಬಿಯು ಹೊರಕ್ಕೆ ಬಾಗುವುದನ್ನು ತಡೆಯುವವರೇ ಇಲ್ಲ. ಆಗ ಕಂಬಿಯ ಬಲವನ್ನು ಲೆಕ್ಕದಿಂದ ತೆಗೆದುಹಾಕಬೇಕಾಗುತ್ತದೆ. ಉಳಿಯುವುದು 32 ಟನ್ನು ಮಾತ್ರ, ಮೇಲಿನ ಭಾರ 53. ಸೂತ್ರದಲ್ಲಿ ಸಾಮಗ್ರಿಗಳ ಬಲವನ್ನು ಮೊದಲೇ ಕಡಿತಗೊಳಿಸಿ ಹಿಡಿದಿರುವುದರಿಂದ ಕಂಬ ಈ ಕ್ಷಣವೇ ಕುಸಿಯದಿರಬಹುದು. ಆದರೆ ಇಂಥ ಕಂಬಕ್ಕೆ ಅಂದೇ ಉಕ್ಕಿನ ಆಸರೆಗಳನ್ನು ಕೊಡಬೇಕೆಂದು ಹೇಳಲು ಇನ್ನಾವ ಪುರಾವೆ ಬೇಕು? ರಿಂಗಿನ ಮಾತನ್ನೇ ಎತ್ತದ ವರದಿಯಲ್ಲಿ ಈ ಅಪಾಯ ಕಾಣುವುದೇ ಇಲ್ಲ.

ಮೆಟ್ಟಿಲು ತಪ್ಪಿದ ವರದಿಯಿಂದ ಏನಾಗುತ್ತದೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನ ಅಮೆರಿಕದಲ್ಲಿ ಸಿಕ್ಕಿದೆ. ಫ್ಲಾರಿಡಾ ಪ್ರಾಂತದ ಸರ್ಫ್‌ಸೈಡ್ ಎಂಬ ಕಡಲತೀರದ ಊರಿನಲ್ಲಿ 1981ರಲ್ಲಿ ಕಟ್ಟಿದ, 136 ಮನೆಗಳ ಷಾಂಪ್ಲೇನ್ ಟವರ್ಸ್ ಸೌತ್ ಎಂಬ ಕಟ್ಟಡವಿತ್ತು. 2018ರ ಅಕ್ಟೋಬರಿನಲ್ಲಿ ಅದರ ಬಗ್ಗೆ ಇಂಜಿನಿಯರರು ವರದಿ ಕೊಟ್ಟರು. ಈಜುಕೊಳದ ಸುತ್ತಲಿನ ಅಂಗಳದ ಸ್ಲ್ಯಾಬನ್ನು ಇಳಿಜಾರಿಲ್ಲದೆ ಸಮತಟ್ಟಾಗಿ ಕಟ್ಟಿದ್ದರಿಂದ ನೀರು ಹರಿದುಹೋಗದೆ ನಿಲ್ಲುತ್ತಿದೆ, ನೀರು ತಡೆಯುವ ಪದರ ಕೆಟ್ಟು ಕೆಳಗಿನ ಕಾಂಕ್ರೀಟಿಗೆ ಭಾರಿ ಹಾನಿಯಾಗಿದೆ, ಬೇಗ ಸರಿಪಡಿಸದಿದ್ದರೆ ಹಾನಿ ಬಹು ವೇಗವಾಗಿ ಹಬ್ಬುವುದು ಎಂದು ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಆದರೆ ಈ ಮಾತು ಇದ್ದದ್ದು ಬಾಲ್ಕನಿ, ಕಿಟಕಿ, ಬಾಗಿಲುಗಳ ವಿಚಾರದೊಡನೆ ಸಾಲಿನಲ್ಲಿ ಒಂದಾಗಿ. ವಾಸಗಾರರ ಪ್ರಾಣಕ್ಕೆ ಅಪಾಯವಿದೆಯೆಂಬ ತೀರ್ಪೂ ಇರಲಿಲ್ಲ, ಇಷ್ಟು ದಿನದೊಳಗೆ ಆಗಲೇಬೇಕೆಂಬ ಗಡುವೂ ಇರಲಿಲ್ಲ. ಮರುತಿಂಗಳೇ ಊರಿನ ಕಟ್ಟಡಾಧಿಕಾರಿಯೊಬ್ಬರು ಕಟ್ಟಡವು ಬಹು ಚೆನ್ನಾಗಿದೆಯೆಂದು ವಾಸಗಾರರ ಸಭೆಯಲ್ಲಿ ಹೇಳಿದ್ದು ಸಭೆಯ ನಡವಳಿಯಲ್ಲಿ ದಾಖಲಾಗಿದೆ. ಖರ್ಚು ಯಾರು ಕೊಡಬೇಕೆಂಬ ವಾದದಲ್ಲಿ ಎರಡೂವರೆ ವರ್ಷ ಕಳೆಯಿತು. 2021ರ ಜೂನ್ 24ರ ನಡುರಾತ್ರಿ ಕಳೆದ ಮೇಲೆ ಕಟ್ಟಡದ ದೊಡ್ಡದೊಂದು ಭಾಗ ಕುಸಿದು 98 ಮಂದಿ ಮಡಿದರು.

ಆ ದುರಂತವನ್ನು ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಕೂಲಂಕಷವಾಗಿ ಶೋಧಿಸಿದೆ. ಈಜುಕೊಳದ ಅಂಗಳವು ಕೆಲವೆಡೆ ಇರಬೇಕಾದ ಬಲದ ಅರ್ಧವನ್ನು ಮಾತ್ರ ಪಡೆದಿತ್ತೆಂದೂ, ಅದು ಮೂಲ ವಿನ್ಯಾಸದ ಕೊರತೆಯೆಂದೂ ಅಲ್ಲಿ ಗೊತ್ತಾಯಿತು. ಇದು ಬಹು ಗಮನಾರ್ಹವಾದ ಮಾತು. ನೀರು, ಬಿರುಕು, ತುಕ್ಕು ಕಣ್ಣಿಗೆ ಕಾಣುತ್ತವೆ. ಹುಟ್ಟಿನಿಂದಲೇ ಬಂದ ವಿನ್ಯಾಸದ ಕೊರತೆ ಎಷ್ಟು ದಿಟ್ಟಿಸಿದರೂ ಕಾಣದು. ಹಳೆಯ ನಕ್ಷೆಗಳನ್ನು ತೆಗೆದು ಮರಳಿ ಗುಣಿಸಿದವರಿಗೆ ಮಾತ್ರ ಅದು ಸಿಕ್ಕುತ್ತದೆ. ಬಲದ ಲೆಕ್ಕವಿಲ್ಲದ ವರದಿಯು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅರ್ಧ ಸತ್ಯವನ್ನೇ ಹೇಳುತ್ತದೆ.

ಅಲ್ಲಿಯ ಶಾಸನಸಭೆಯವರು ಈ ಪಾಠವನ್ನು ಕಲಿತರೆಂದೇ ಹೇಳಬೇಕು. 2022ರಲ್ಲಿ ಅವರು ಮಾಡಿದ ಕಾಯಿದೆಯು ಪರೀಕ್ಷೆ ಮಾಡಿಸಬೇಕೆಂದಷ್ಟೇ ಹೇಳಿ ಸುಮ್ಮನಾಗದೆ, ವರದಿಯಲ್ಲಿ ಏನೇನಿರಬೇಕೆಂಬುದನ್ನೂ ಗೊತ್ತುಮಾಡಿತು. ಪರೀಕ್ಷೆಯ ರೀತಿ, ಹಾನಿಯ ವ್ಯಾಪ್ತಿ, ಮಾಡಬೇಕಾದ ದುರಸ್ತಿ, ಅಪಾಯಕರವಾದ ಸ್ಥಿತಿ ಇದೆಯೋ ಇಲ್ಲವೋ ಎಂಬ ನೇರ ಉತ್ತರ, ಇಂಜಿನಿಯರರ ಸಹಿ ಮೊಹರು, ಇವು ಕಡ್ಡಾಯ. ವರದಿಯ ಸಾರಾಂಶವನ್ನು ಪ್ರತಿಯೊಬ್ಬ ಮನೆಯೊಡೆಯನಿಗೂ ಮುಟ್ಟಿಸಲೇಬೇಕು. ಎರಡನೆಯ ಹಂತದ ಪರೀಕ್ಷೆಯ ವರದಿ ಬಂದ 365 ದಿನಗಳೊಳಗೆ ದುರಸ್ತಿ ಪ್ರಾರಂಭವಾಗಲೇಬೇಕು.

ನಮ್ಮ ಮುಂಬಯಿಯ ಪದ್ಧತಿಯಲ್ಲಿ ತೀರ್ಪಿನ ಭಾಗ ಸ್ಪಷ್ಟವಾಗಿಯೇ ಇದೆ. ಸಿ-1 ಎಂದರೆ ತೆರವು ಮಾಡಿಸಿ ಕೆಡವತಕ್ಕದ್ದು; ಸಿ-2ಎ ಎಂದರೆ ಕೆಲಭಾಗ ತೆರವುಮಾಡಿ ದೊಡ್ಡ ದುರಸ್ತಿ; ಸಿ-2ಬಿ ಎಂದರೆ ವಾಸಗಾರರು ಇದ್ದಂತೆಯೇ ದುರಸ್ತಿ; ಸಿ-3 ಎಂದರೆ ಸಣ್ಣ ದುರಸ್ತಿ. ಆದರೆ ಅಲ್ಲಿ ಹುಟ್ಟಿರುವ ವ್ಯಾಧಿ ಬೇರೆ. ಸಿ-1 ಎಂಬ ಮೂರಕ್ಷರ ಬಿದ್ದೊಡನೆ ಬಾಡಿಗೆದಾರನು ಹೊರಬೀಳಬೇಕಾಗುವುದರಿಂದ, ನೆಲದ ಬೆಲೆಯ ಮೇಲೆ ಕಣ್ಣಿಟ್ಟವರು ಸಿ-1 ಬೇಕೆಂದೇ ವರದಿ ಬರೆಯಿಸುವ ಶಂಕೆ ಎಲ್ಲೆಡೆಯೂ ಇದೆ; ಮನೆ ಬಿಡಲೊಲ್ಲದವರು ಸಿ-2ಬಿ ಎಂಬ ಪ್ರತಿವರದಿಯನ್ನು ತರುತ್ತಾರೆ. ಇಂಥ ವಿರೋಧ ಬಂದಾಗ ನಿರ್ಣಯಿಸಲು ನಗರಪಾಲಿಕೆಯವರು ತಾಂತ್ರಿಕ ಸಲಹಾ ಸಮಿತಿಯನ್ನೇ ನೇಮಿಸಬೇಕಾಗಿ ಬಂದಿದೆ. ಆ ನಗರದ ಹಳೆಯ ಚಾಳುಗಳಲ್ಲಿ, ಸಹಕಾರಿ ಸಂಘಗಳ ಮನೆಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ನಮ್ಮ ಕನ್ನಡಿಗರೂ ಈ ಎರಡು ವರದಿಗಳ ನಡುವೆ ಸಿಕ್ಕಿಕೊಂಡವರೇ.

ಹೇಳಿಸಿ ಬರೆಸಿದ ವರದಿಯನ್ನು ಗುರುತಿಸುವ ಬಗೆ ಯಾವುದು? ಕೊನೆಯ ಪುಟದಿಂದ ಹಿಂದಕ್ಕೆ ನಡೆದು ನೋಡಬೇಕು. ಸಿ-1 ಎಂದಿದ್ದರೆ ಯಾವ ಸಂಖ್ಯೆಯ ಕಂಬ, ಅದರ ಬಲವೆಷ್ಟು, ಭಾರವೆಷ್ಟು ಎಂಬ ಲೆಕ್ಕ ಇರಬೇಕು. ಆ ಲೆಕ್ಕದಲ್ಲಿ ಬಳಸಿದ ಕಾಂಕ್ರೀಟಿನ ಬಲ ಯಾವ ತುಂಡಿನಿಂದ ಬಂತು, ಕಂಬಿಯ ವ್ಯಾಸವನ್ನು ಎಲ್ಲಿ ಒಡೆದು ಅಳೆದರು ಎಂಬುದು ಪರೀಕ್ಷೆಯ ಭಾಗದಲ್ಲಿ ಸಿಕ್ಕಬೇಕು. ಆ ಜಾಗವನ್ನೇ ಏಕೆ ಆರಿಸಿದರೆಂಬುದು ತಪಾಸಣೆಯ ನಕ್ಷೆಯಿಂದ ತಿಳಿಯಬೇಕು. ಅತ್ಯಂತ ಕೆಟ್ಟ ಬಚ್ಚಲಿನ ಹತ್ತಿರವೇ ಮೂರೂ ತುಂಡುಗಳನ್ನು ಕೊರೆದು ಇಡೀ ಕಟ್ಟಡಕ್ಕೆ ಅನ್ವಯಿಸಿದ್ದರೆ ಒಂದು ವಂಚನೆ. ಸುಣ್ಣ ಬಣ್ಣ ಹಚ್ಚಿದ ಮೆಟ್ಟಿಲುಮನೆಯಲ್ಲಿ ಮಾತ್ರ ಸುತ್ತಿಗೆ ಬಡಿದು ಎಲ್ಲವೂ ಕ್ಷೇಮವೆಂದಿದ್ದರೆ ಇನ್ನೊಂದು. ಈ ಸರಪಳಿ ಎಲ್ಲಿಯೂ ಕಡಿಯದೆ ಹಿಂದಕ್ಕೆ ಹೋದರೆ ವರದಿಯನ್ನು ನಂಬಬಹುದು, ಅದು ನಮಗೆ ಅಪ್ರಿಯವಾಗಿದ್ದರೂ ಸರಿ.

ಇನ್ನು ನಮ್ಮ ಸಲಹೆ. ಕರ್ನಾಟಕ ಸರಕಾರದವರೂ ನಗರಪಾಲಿಕೆಗಳೂ ಇಂಥ ವರದಿಗಳಿಗೆ ಒಂದು ಕಟ್ಟುನಿಟ್ಟಾದ ರಚನೆಯನ್ನು ಗೊತ್ತುಮಾಡಬೇಕು. ಮೊದಲ ಪುಟದಲ್ಲಿಯೇ ತೀರ್ಪು ಬರಲಿ. ಅಪಾಯವಿದೆಯೋ ಇಲ್ಲವೋ, ಇದ್ದರೆ ಯಾವ ಕಂಬ, ಯಾವ ಸ್ಲ್ಯಾಬು, ಇಂದೇ ಆಸರೆ ಕೊಡಬೇಕಾದದ್ದು ಯಾವುದು, ಮೂರು ತಿಂಗಳಲ್ಲಿ ಆಗಬೇಕಾದದ್ದು ಯಾವುದು, ಎರಡು ವರ್ಷ ಕಾಯಬಹುದಾದದ್ದು ಯಾವುದು ಎಂಬುದು ಅಲ್ಲಿರಲಿ. ಖರ್ಚಿನ ಮೊತ್ತವು ಈ ಮೂರು ಭಾಗಗಳಾಗಿಯೇ ಬರಲಿ. ಒಟ್ಟು ಮೊತ್ತವನ್ನು ಕಂಡು ಬೆದರಿ ಏನೂ ಮಾಡದಿರುವ ಸಂಘವು ಮೊದಲ ಭಾಗದ ಸಣ್ಣ ಮೊತ್ತವನ್ನಾದರೂ ಕೂಡಿಸೀತು. ಬಳಿಕ ಇತಿಹಾಸ, ಮಿತಿಗಳು, ತಪಾಸಣೆ, ಪರೀಕ್ಷೆ, ಲೆಕ್ಕ ಕ್ರಮವಾಗಿ ಬರಲಿ. ಪ್ರಯೋಗಶಾಲೆಯ ಮೂಲ ಅಂಕಿಗಳೆಲ್ಲವೂ ಅನುಬಂಧದಲ್ಲಿರಲಿ. ಇನ್ನೊಬ್ಬ ಇಂಜಿನಿಯರರು ಅದೇ ಅಂಕಿಗಳಿಂದ ಮತ್ತೆ ಗುಣಿಸಿ ನೋಡುವಂತಿರಬೇಕು.

ಆ ಮೊದಲ ಪುಟವು ಕನ್ನಡದಲ್ಲಿಯೂ ಇರಬೇಕೆಂಬುದು ನಮ್ಮ ಆಗ್ರಹ. ಇದನ್ನು ಭಾಷಾಭಿಮಾನದ ಮಾತೆಂದು ಯಾರೂ ತಳ್ಳಿಹಾಕದಿರಲಿ. ಯಾವ ಮನೆಯ ಸ್ಲ್ಯಾಬು ಬೀಳುವ ಸಂಭವವಿದೆಯೋ ಆ ಮನೆಯ ತಾಯಿಗೆ ಅರ್ಥವಾಗದ ಎಚ್ಚರಿಕೆಯು ಎಚ್ಚರಿಕೆಯೇ ಅಲ್ಲ. ಪ್ರತಿಯೊಬ್ಬ ವಾಸಗಾರನ ಕೈಗೂ ಆ ಪುಟ ಮುಟ್ಟಬೇಕು, ಒಡೆಯನೇ ಆಗಲಿ ಬಾಡಿಗೆದಾರನೇ ಆಗಲಿ. ತಮ್ಮ ಕಟ್ಟಡದ ಬಗ್ಗೆ ವರದಿ ಬಂದಿರುವ ಸಂಘಗಳ ಸದಸ್ಯರು ಸರಕಾರದ ನಿಯಮಕ್ಕಾಗಿ ಕಾದು ಕುಳಿತುಕೊಳ್ಳಬೇಕಾಗಿಲ್ಲ. ಮುಂದಿನ ಸಭೆಯಲ್ಲಿಯೇ ಕಪಾಟಿನಿಂದ ವರದಿಯನ್ನು ತೆಗೆಸಿ, ಕಂಬಗಳ ಕವಚ ಎಷ್ಟು, ಇಂಗಾಲಾಮ್ಲ ಇಳಿದ ಆಳ ಎಷ್ಟು, ಅತಿ ದುರ್ಬಲವಾದ ಕಂಬದ ಬಲಕ್ಕೂ ಭಾರಕ್ಕೂ ಇರುವ ಅಂತರ ಎಷ್ಟು ಎಂದು ಮೂರು ಪ್ರಶ್ನೆಗಳನ್ನು ಕೇಳಲಿ. ಈ ಮೂರಕ್ಕೂ ಅಂಕಿಯಲ್ಲಿ ಉತ್ತರ ದೊರೆಯದಿದ್ದರೆ, ತಾವು ಹಣ ಕೊಟ್ಟು ಕೊಂಡದ್ದು ಛಾಯಾಚಿತ್ರಗಳ ಸಂಪುಟವನ್ನೇ ಹೊರತು ಪರೀಕ್ಷಾ ವರದಿಯನ್ನಲ್ಲ ಎಂದು ತಿಳಿದು, ಇಂಜಿನಿಯರರನ್ನು ಮರಳಿ ಕರೆಸತಕ್ಕದ್ದು.